101 ಬಂದರೆ 101 ಅಂತಲೇ ಬರೆಯಿರಿ

ಪೈ ಚಾರ್ಟ್ ಸ್ಕ್ರೀನ್‌ಶಾಟ್ ನೋಡಿ ಶೇಕಡಾ ಕೋಷ್ಟಕ ಮಾಡುವವರಲ್ಲಿ ನನ್ನದೊಂದು ಬೇಡಿಕೆ. ಕೂಡಿದಾಗ 101 ಬಂತು ಅಂತ ದೊಡ್ಡ ಹೋಳಿನಿಂದ ಸುಮ್ನೆ ಒಂದು ಕಳೆದು 100 ಮಾಡಬೇಡಿ. ವರ್ಷಗಟ್ಟಲೆ ಹೇಳಿದ್ದೇನೆ, ಇನ್ನೂ ಮಾಡ್ತಾರೆ.

ಒಮ್ಮೆ ನನ್ನ ಕೈಗೆ ಬಂದ ಚಾರ್ಟ್‌ನಲ್ಲಿ ಆರು ಹೋಳು: 34, 23, 17, 12, 9, 6. ಕೂಡಿದರೆ 101. ಟೈಪ್ ಮಾಡಿದ ಹುಡುಗ ಪಾಪ, ತನ್ನದೇ ತಪ್ಪು ಅಂದುಕೊಂಡು 34 ಅನ್ನು 33 ಮಾಡಿದ್ದ. ಆಮೇಲೆ ಮೂಲ ಅಂಕಿ ಸಿಕ್ಕಿತು: 33.6, 22.7, 16.6, 11.7, 9.4, 6.0. ಇದರ ಮೊತ್ತ ಸರಿಯಾಗಿ 100. ಮೊದಲ ನಾಲ್ಕೂ ರೌಂಡ್ ಆಗುವಾಗ ಮೇಲಕ್ಕೆ ಹೋಗಿವೆ, ಒಂಬತ್ತು ಮಾತ್ರ ಕೆಳಗಿಳಿದಿದೆ, ಅದಕ್ಕೇ ಒಂದು ಜಾಸ್ತಿ. ಅಂದರೆ ಅವನು ಮೊದಲು ಓದಿದ್ದೇ ಸರಿ, ತಿದ್ದಿದ್ದು ತಪ್ಪು.

ಹಾಗಾದರೆ ಎಷ್ಟು ವ್ಯತ್ಯಾಸ ಒಪ್ಪಬಹುದು? ಪೂರ್ಣ ಸಂಖ್ಯೆಗೆ ರೌಂಡ್ ಮಾಡಿದಾಗ ಒಂದೊಂದು ಹೋಳಿನಲ್ಲೂ ಹೆಚ್ಚೆಂದರೆ ಅರ್ಧ ಆಚೀಚೆ ಆಗುತ್ತದೆ. ಆರು ಹೋಳಿಗೆ ಮೂರರವರೆಗೆ. ಆದರೆ ಎಲ್ಲವೂ ಒಂದೇ ಕಡೆಗೆ ಎಳೆಯುವುದು ಅಪರೂಪ. ಒಂದು ಮಾಮೂಲು, ಎರಡಾದರೆ ನಾನು ಮತ್ತೊಮ್ಮೆ ಚಿತ್ರ ನೋಡುತ್ತೇನೆ, ಮೂರಾದರೆ ಮೊದಲು ನನ್ನ ಕಣ್ಣಿನ ಮೇಲೇ ಅನುಮಾನ. ಲೇಬಲ್‌ನಲ್ಲಿ 33.6 ಥರ ಒಂದು ದಶಮಾಂಶ ಇದ್ದರೆ ಈ ಮಿತಿ ಬರೀ 0.3. ಅಲ್ಲಿ 101 ಬಂದರೆ ಬಿಡುವ ಹಾಗಿಲ್ಲ.

ಮಿತಿ ದಾಟಿದಾಗ ವ್ಯತ್ಯಾಸವೇ ಸುಳಿವು ಕೊಡುತ್ತದೆ. ಮೊತ್ತ 94 ಬಂತು ಅನ್ನಿ. ಮಸುಕಾದ 7 ಅನ್ನು 1 ಅಂತ ಓದಿದ್ದರೂ ಆರು ಕಡಿಮೆಯಾಗುತ್ತದೆ, ಲೇಬಲ್ ಇಲ್ಲದ ತೆಳು ಹೋಳೊಂದು ಬಿಟ್ಟುಹೋಗಿದ್ದರೂ ಆಗುತ್ತದೆ. ಅಂಥ ಹೋಳು ಕಂಡರೆ ಅದರ ಕೋನ ಅಳೆಯಿರಿ. ಶೇಕಡಾ ಒಂದಕ್ಕೆ 3.6 ಡಿಗ್ರಿ, ಹಾಗಾಗಿ 22 ಡಿಗ್ರಿ ಇದ್ದರೆ ಸುಮಾರು 6. ಕೋಷ್ಟಕದಲ್ಲಿ ಅದರ ಪಕ್ಕ ‘ಅಳೆದದ್ದು’ ಅಂತ ಬರೆಯಿರಿ, ಓದಿದ್ದಕ್ಕೂ ಅಳೆದದ್ದಕ್ಕೂ ನಂಬಿಕೆ ಒಂದೇ ಅಲ್ಲ. ಓರೆಯಾಗಿ ಮಲಗಿಸಿದ 3ಡಿ ಚಾರ್ಟ್ ಆದರೆ ಅಳೆಯಲೇ ಬೇಡಿ, ಅಲ್ಲಿ ಕೋನಗಳು ಸುಳ್ಳು ಹೇಳುತ್ತವೆ. ವ್ಯತ್ಯಾಸ 9 ಅಥವಾ 18 ಬಂದರೆ 23 ಅನ್ನು 32 ಅಂತ ತಿರುಗಿಸಿ ಬರೆದಿದ್ದೀರಾ ನೋಡಿ.

ಇಷ್ಟೆಲ್ಲ ಮಾಡಿ 100 ಬಂದರೂ ನಾನು ಸುಮ್ಮನಾಗುವುದಿಲ್ಲ. ಲೆಜೆಂಡ್‌ನಲ್ಲಿ ಒಂದಕ್ಕೊಂದು ಹೋಲುವ ಎರಡು ನೀಲಿ ಬಣ್ಣ ಇದ್ದು, 12 ಮತ್ತು 17 ಅದಲುಬದಲಾದರೆ ಮೊತ್ತಕ್ಕೆ ಅದು ಗೊತ್ತೇ ಆಗಲ್ಲ, ಅಲ್ವಾ? ಆ ಎರಡು ಹೋಳನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ, ಬಣ್ಣಕ್ಕೆ ಹೆಸರು ಹೊಂದಿಸಿ ಇನ್ನೊಮ್ಮೆ ನೋಡುವುದೊಂದೇ ದಾರಿ.