ಅರುವತ್ತು ಮೇಲ್‌ಗಳಲ್ಲಿ ಒಂದರ ಹೆಸರು ತಪ್ಪಿದರೆ ಕಣ್ಣಿಗೆ ಬೀಳುವುದು ಹೇಗೆ?

ಪ್ರಶ್ನೆ: ತಿಂಗಳಿಗೊಮ್ಮೆ ಗ್ರಾಹಕರಿಗೆ ಬಾಕಿ ನೆನಪಿಸುವ ಐವತ್ತು ಅರುವತ್ತು ಮೇಲ್ ಒಟ್ಟಿಗೇ ಹೋಗುತ್ತವೆ. ಕಳಿಸುವ ಮುಂಚೆ ಒಂದೊಂದನ್ನೂ ತೆರೆದು ಓದುತ್ತೇನೆ. ಆದರೂ ಸಬ್ಜೆಕ್ಟ್‌ನಲ್ಲಿ ಹಳೇ ದಿನಾಂಕ, ಸಂಬೋಧನೆಯಲ್ಲಿ ಬೇರೆಯವರ ಹೆಸರು, ಸಹಿಯ ಕೆಳಗೆ ಹಳೇ ಫೋನ್ ನಂಬರ್ ಹೀಗೆ ಏನಾದರೊಂದು ತಪ್ಪಿಸಿಕೊಳ್ಳುತ್ತದೆ. ಇನ್ನೂ ಹುಷಾರಾಗಿ ಓದುವುದು ಬಿಟ್ಟು ಬೇರೆ ದಾರಿ ಇದೆಯೇ?

ಉತ್ತರ: ಇದೆ. ಮೇಲ್‌ಗಳನ್ನು ಒಂದೊಂದಾಗಿ ಓದುವುದನ್ನೇ ಬಿಡಿ. ಒಂದೇ ಅಚ್ಚಿನ ಪತ್ರ ಹತ್ತು ಸಲ ಓದಿದ ಮೇಲೆ ಕಣ್ಣು ಅಕ್ಷರ ನೋಡುವುದಿಲ್ಲ, ಅಲ್ಲಿ ಏನಿರಬೇಕೋ ಅದನ್ನು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ. ಬದಲಿಗೆ ಎಲ್ಲ ಸಬ್ಜೆಕ್ಟ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿ, ಆಮೇಲೆ ಎಲ್ಲ ಸಂಬೋಧನೆಗಳನ್ನು, ಕೊನೆಗೆ ಎಲ್ಲ ಸಹಿಗಳನ್ನು. ಒಂದೇ ಜಾತಿಯವು ಸಾಲಾಗಿ ನಿಂತಾಗ ಬೇರೆಯಾಗಿರುವುದು ತಾನಾಗಿಯೇ ಎದ್ದು ಕಾಣುತ್ತದೆ.

ಇದಕ್ಕೆ ಮೇಲ್‌ಗಳು ಎಕ್ಸೆಲ್‌ಗೆ ಬರಬೇಕು. ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಡ್ರಾಫ್ಟ್ ಫೋಲ್ಡರನ್ನು Import/Export ಮೂಲಕ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಸಬ್ಜೆಕ್ಟ್ ಮತ್ತು ಪತ್ರದ ಒಡಲು ಬೇರೆ ಬೇರೆ ಕಾಲಂಗಳಾಗಿ ಸಿಗುತ್ತವೆ. A ಕಾಲಂನಲ್ಲಿ ಸಬ್ಜೆಕ್ಟ್, B ಯಲ್ಲಿ ಒಡಲು ಇದೆ ಎಂದಿಟ್ಟುಕೊಳ್ಳಿ. C ಯಲ್ಲಿ ಬಿಲ್ ನಂಬರ್, D ಯಲ್ಲಿ ಪಾವತಿಯ ಕೊನೆಯ ದಿನವನ್ನು ನಿಮ್ಮ ಲೆಕ್ಕದ ಪುಸ್ತಕದಿಂದಲೇ ತಂದು ಹಾಕಿ, ಮೇಲ್‌ನಿಂದ ನಕಲು ಮಾಡಬೇಡಿ. ಮೇಲನ್ನು ಮೇಲಿನೊಂದಿಗೇ ಹೋಲಿಸಿದರೆ ತಪ್ಪೂ ತಾಳೆಯಾಗುತ್ತದೆ.

ಮೊದಲು ಸಬ್ಜೆಕ್ಟ್. "ಬಿಲ್ 1042: ಪಾವತಿಗೆ ಕೊನೆಯ ದಿನ 14 ಮಾರ್ಚ್ 2025, ಗುರುವಾರ" ಎಂಬ ಸಾಲನ್ನು ನೋಡಿ. ಅಕ್ಷರ ಸರಿ, ದಿನಾಂಕ ಸರಿ. ಆದರೆ 2025ರ ಮಾರ್ಚ್ 14 ಶುಕ್ರವಾರ. ಗುರುವಾರ ಬಿದ್ದದ್ದು 2024ರಲ್ಲಿ. ಹಿಂದಿನ ವರ್ಷದ ಮೇಲನ್ನು ತೆರೆದು ಇಸವಿ ಮಾತ್ರ ತಿದ್ದಿದಾಗ ಆಗುವ ತಪ್ಪಿದು. ವಾರವನ್ನು D ಕಾಲಂನ ದಿನಾಂಕದಿಂದ ಎಕ್ಸೆಲ್ ಕೈಲೇ ಹೇಳಿಸಿ, ಬಿಲ್ ನಂಬರ್ ಸಬ್ಜೆಕ್ಟ್‌ನಲ್ಲಿದೆಯೇ ಎಂದೂ ಕೇಳಿ:

```
=TEXT(D2,"dddd")
=ISNUMBER(SEARCH(C2,A2))
```

ಎರಡನೆಯ ಸೂತ್ರ FALSE ಎಂದರೆ ಆ ಸಾಲಿನಲ್ಲಿ ತಪ್ಪಿದೆ. TRUE ಎಂದ ಮಾತ್ರಕ್ಕೆ ಸರಿಯಿದೆ ಎಂದು ನಂಬಬೇಡಿ. C ಖಾಲಿಯಿದ್ದರೂ ಅದು TRUE ಎನ್ನುತ್ತದೆ. 104 ಎಂಬ ನಂಬರನ್ನು 1042ರ ಒಳಗೂ ಕಂಡುಕೊಳ್ಳುತ್ತದೆ. ಬಿಲ್ ನಂಬರ್‌ಗಳೆಲ್ಲ ಒಂದೇ ಉದ್ದದವಾಗಿದ್ದರೆ ಎರಡನೆಯ ತೊಂದರೆ ಇಲ್ಲ. ಇದಾದ ಮೇಲೆ A ಕಾಲಂ ಪ್ರಕಾರ ಪಟ್ಟಿಯನ್ನು ಒಮ್ಮೆ ವಿಂಗಡಿಸಿ. ಹಿಂದಿನ ಉತ್ತರದಿಂದ ಉಳಿದುಬಂದ RE:, FW: ಮುಂತಾದವು ಒಂದೆಡೆ ಗುಂಪಾಗುತ್ತವೆ, ಸಬ್ಜೆಕ್ಟ್ ಇಲ್ಲದವು ಪಟ್ಟಿಯ ತುದಿಗೆ ಹೋಗಿ ಬೀಳುತ್ತವೆ.

ಸಂಬೋಧನೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಓದುವವರಿಗೆ ನಾಟುವುದು ಇದೇ. ಒಡಲಿನ ಮೊದಲ ಅಲ್ಪವಿರಾಮದವರೆಗಿನ ಭಾಗವನ್ನು ಹೊರತೆಗೆಯಿರಿ:

```
=LEFT(B2,FIND(",",B2))
```

ಹೆಸರು ಬಿಟ್ಟುಹೋದಲ್ಲಿ "ಮಾನ್ಯ ಅವರೇ," ಎಂಬ ಬೋಳು ಸಾಲು ಕಾಣುತ್ತದೆ. ಅಲ್ಪವಿರಾಮ ಮರೆತಲ್ಲಿ ಅರ್ಧ ಪತ್ರವೇ ಸೆಲ್‌ನೊಳಗೆ ಬರುತ್ತದೆ, ಇಲ್ಲವೇ #VALUE! ಬರುತ್ತದೆ. ಹೆಸರಿನ ಜಾಗದಲ್ಲಿ ಕಂಪನಿ, "ಶ್ರೀ ಶ್ರೀ" ಎಂದು ಎರಡು ಸಲ, ಹೆಸರಿಗೂ ಅಲ್ಪವಿರಾಮಕ್ಕೂ ನಡುವೆ ಖಾಲಿ ಜಾಗ, ಇವೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ.

ಇಷ್ಟಾದರೂ ಸಿಗದ ತಪ್ಪೊಂದಿದೆ, ನಾನು ಹೆಚ್ಚು ಹೆದರುವುದು ಅದಕ್ಕೆ: ಹೆಸರುಗಳ ಕಾಲಂ ಜರುಗಿರುವುದು. ಯಾರೋ ಹೆಸರಿನ ಕಾಲಂ ಮಾತ್ರ ಆರಿಸಿ ಅಕಾರಾದಿಯಾಗಿ ವಿಂಗಡಿಸಿರುತ್ತಾರೆ. ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ಎಕ್ಸೆಲ್ ಕೇಳಿದಾಗ ಬೇಡವೆಂದು ಒತ್ತಿರುತ್ತಾರೆ. ಈಗ ಪ್ರತಿ ಹೆಸರೂ ಕಾಗುಣಿತದಲ್ಲಿ ಸರಿ, ಪ್ರತಿ ವಿಳಾಸವೂ ಸರಿ, ಆದರೆ ಒಬ್ಬರ ಬಾಕಿಯ ಪತ್ರ ಇನ್ನೊಬ್ಬರ ಹೆಸರು ಹೊತ್ತು ಹೋಗುತ್ತದೆ. ಪತ್ರವನ್ನು ಎಷ್ಟು ಸಲ ಓದಿದರೂ ಇದು ಸಿಗುವುದಿಲ್ಲ, ಏಕೆಂದರೆ ತಪ್ಪು ಪತ್ರದೊಳಗೆ ಇಲ್ಲ. ಹೆಸರಿಗೂ ವಿಳಾಸಕ್ಕೂ ಇರುವ ನಂಟಿನಲ್ಲಿದೆ.

ಆದ್ದರಿಂದ ಸಂಬೋಧನೆಯ ಪಕ್ಕಕ್ಕೇ ಮೇಲ್ ವಿಳಾಸವನ್ನು ತಂದಿಡಿ. savita ಎಂದು ಶುರುವಾಗುವ ವಿಳಾಸದ ಎದುರು "ಮೋಹನ್ ಅವರೇ" ಎಂದಿದ್ದರೆ ಸಾಕು, ಗುಟ್ಟು ಬಯಲು. ಹೀಗೆ ವಿಂಗಡಣೆಯಿಂದ ಕೆಟ್ಟ ಪಟ್ಟಿಯಲ್ಲಿ ಬಹುಪಾಲು ಸಾಲುಗಳೂ ಕೆಟ್ಟಿರುವುದರಿಂದ ನಾಲ್ಕೈದು ನೋಡಿದರೆ ಗೊತ್ತಾಗುತ್ತದೆ. ನಡುವಿನ ಒಂದು ಸೆಲ್ ಅಳಿಸಿ ಕೆಳಗಿನವು ಮೇಲೇರಿದ್ದರೆ ಮಾತ್ರ ಮೊದಲ ಸಾಲುಗಳು ಚೆನ್ನಾಗಿದ್ದು ಅಲ್ಲಿಂದ ಕೆಳಗೆಲ್ಲ ಕೆಟ್ಟಿರುತ್ತದೆ, ಕೊನೆಯ ಸಾಲಿನಲ್ಲಿ ಹೆಸರೇ ಇರುವುದಿಲ್ಲ. ಪರೀಕ್ಷೆಗೆಂದು ಮೊದಲ ಐದು ಮೇಲ್ ನೋಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಮೊದಲು, ನಡುವೆ, ಕೊನೆ ಮೂರೂ ಕಡೆ ನೋಡಿ. info, accounts ಎಂದಷ್ಟೇ ಇರುವ ವಿಳಾಸಗಳಿಂದ ಹೆಸರು ಊಹಿಸಲಾಗದು. ಅಂಥವನ್ನು ಗ್ರಾಹಕರ ಮೂಲ ಪಟ್ಟಿಯಲ್ಲಿ ಹುಡುಕಿಯೇ ತಾಳೆ ನೋಡಬೇಕು.

ಸಹಿಯ ಕೆಲಸ ತಿರುಗುಮುರುಗು. ಉಳಿದೆರಡು ಮೇಲ್‌ನಿಂದ ಮೇಲ್‌ಗೆ ಬದಲಾಗಬೇಕು, ಸಹಿ ಮಾತ್ರ ಒಬ್ಬರು ಕಳಿಸುವ ಎಲ್ಲದರಲ್ಲೂ ಒಂದೇ ಆಗಿರಬೇಕು. ಸಹಿ "ವಂದನೆಗಳು" ಎಂದು ಶುರುವಾಗುವುದಾದರೆ ಅಲ್ಲಿಂದ ಮುಂದಿನದನ್ನು F ಕಾಲಂಗೆ ತೆಗೆದು, G ಯಲ್ಲಿ ಮೊದಲನೆಯದರ ಜೊತೆ ಹೋಲಿಸಿ:

```
=MID(B2,FIND("ವಂದನೆಗಳು",B2),400)
=EXACT(F2,F$2)
```

ಮಾಮೂಲಿ = ಗುರುತು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಿಸುವುದಿಲ್ಲ, EXACT ಲೆಕ್ಕಿಸುತ್ತದೆ. ಅಚ್ಚಿನೊಳಗೊಂದು ಸಹಿ, ಮೇಲ್ ಪ್ರೋಗ್ರಾಂ ತಾನೇ ಅಂಟಿಸಿದ್ದು ಇನ್ನೊಂದು ಎಂದು ಎರಡೆರಡು ಸಹಿ ಬಿದ್ದಿದ್ದರೆ ಅದೂ ಈ ಕಾಲಂನಲ್ಲಿ ಕಾಣುತ್ತದೆ. ಎರಡು ಸಹಿ ಒಂದೇ ಥರ ಕಂಡರೂ FALSE ಬಂದರೆ ಕಾಣದ ಅಕ್ಷರವೊಂದು ಸೇರಿದೆ ಎಂದರ್ಥ. ವೆಬ್‌ಪುಟದಿಂದ ನಕಲು ಮಾಡಿದಾಗ ಬರುವ ಒಂದು ಬಗೆಯ ಖಾಲಿ ಜಾಗವನ್ನು TRIM ಕೂಡ ತೆಗೆಯುವುದಿಲ್ಲ; ಅದಕ್ಕೆ =SUBSTITUTE(F2,UNICHAR(160)," ") ಬೇಕು.

ಎಲ್ಲವೂ TRUE ಆಯಿತೆಂದರೆ ಎಲ್ಲ ಸಹಿಗಳೂ ಒಂದೇ ಎಂದಾಯಿತು, ಸರಿಯಿದೆ ಎಂದಲ್ಲ. ಅರುವತ್ತರಲ್ಲೂ ಒಂದೇ ಹಳೇ ನಂಬರ್ ಇರಬಹುದು. ಆದ್ದರಿಂದ ಮೊದಲ ಸಹಿಯೊಂದನ್ನು ಕೈಯಾರೆ ಪರೀಕ್ಷಿಸಿ. ಆ ನಂಬರ್‌ಗೆ ಫೋನ್ ಮಾಡಿ ನೋಡಿ, ಕೊಂಡಿಗಳನ್ನು ಒತ್ತಿ ನೋಡಿ. ಕಾಣುವ ವಿಳಾಸ ತಿದ್ದಿದರೂ ಒಳಗಿನ ಕೊಂಡಿ ಹಳೆಯದಕ್ಕೇ ಹೋಗುವುದು ಬಹಳ ಸಾಮಾನ್ಯ; ಅರುವತ್ತರಲ್ಲೂ ಒಂದೇ ತಪ್ಪು ಕೊಂಡಿ ಇದ್ದರೆ ಮೇಲಿನ ಹೋಲಿಕೆಯಲ್ಲಿ ಅದು ಸಿಗುವುದಿಲ್ಲ.

ತಪ್ಪು ಸಿಕ್ಕಾಗ ಡ್ರಾಫ್ಟ್‌ನಲ್ಲಿ ತಿದ್ದಿ ಸುಮ್ಮನಾಗಬೇಡಿ. ಮೂಲ ಪಟ್ಟಿಯಲ್ಲೋ ಅಚ್ಚಿನಲ್ಲೋ ತಿದ್ದಿ, ಮೇಲ್‌ಗಳನ್ನು ಮತ್ತೆ ಸೃಷ್ಟಿಸಿ, ಕಾಲಂಗಳನ್ನು ಇನ್ನೊಮ್ಮೆ ನೋಡಿ. ವರ್ಡ್‌ನ ಮೇಲ್ ಮರ್ಜ್ ಬಳಸುವವರಾದರೆ ಎರಡು ಮಾತು: ಅದರಲ್ಲಿ ಸಬ್ಜೆಕ್ಟ್ ಎಲ್ಲರಿಗೂ ಒಂದೇ, ಒಬ್ಬೊಬ್ಬರ ಬಿಲ್ ನಂಬರ್ ಅಲ್ಲಿ ಹಾಕಲಾಗದು. ಮತ್ತು ಮೇಲ್‌ಗಳು ಡ್ರಾಫ್ಟ್‌ಗೆ ಬಾರದೆ ನೇರ ಔಟ್‌ಬಾಕ್ಸ್‌ಗೆ ಹೋಗುತ್ತವೆ. ಮರ್ಜ್ ಮಾಡುವ ಮುಂಚೆ ಔಟ್‌ಲುಕ್‌ನಲ್ಲಿ Work Offline ಒತ್ತಿಟ್ಟರೆ ಅವು ಅಲ್ಲೇ ನಿಲ್ಲುತ್ತವೆ, ನೋಡಿ ಮುಗಿಸಿದ ಮೇಲೆ ಬಿಡಬಹುದು.