ಗ್ಯಾಸ್ ಸಿಲಿಂಡರ್ ತೂಗುವ ಹಲಗೆಗೆ ಸೊನ್ನೆ ನೆನಪಿರಬೇಕು

ಸಿಲಿಂಡರಿನ ಕೆಳಗೆ ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಡ್ ಸೆಲ್ ಇಟ್ಟು, ಗ್ಯಾಸ್ ಮುಗಿಯುವ ಮುಂಚೆ ಬಜರ್ ಕೂಗುವಂತೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಆ ಹಲಗೆ ಒಂದು ತಿಂಗಳ ನಂತರವೂ ಸರಿಯಾದ ತೂಕ ತೋರಿಸಬೇಕು ಅನ್ನುವಲ್ಲಿಂದ ಕಷ್ಟ ಶುರು. ಮಾಮೂಲಿ ತೂಕದ ಯಂತ್ರದ ಮೇಲಿಟ್ಟ ಸಾಮಾನು ಅರೆಕ್ಷಣ ಇದ್ದು ಇಳಿಯುತ್ತದೆ, ಸೊನ್ನೆ ಸರಿಯಿದೆಯೇ ಎಂದು ಪ್ರತಿ ಸಲ ನೋಡಿಕೊಳ್ಳಬಹುದು. ಇಲ್ಲಿ ಹತ್ತಿರಹತ್ತಿರ 30 ಕೆಜಿ ಹಗಲಿರುಳು ಕೂತೇ ಇರುತ್ತದೆ.

ಎರಡು ಪ್ಲೈವುಡ್ ಹಲಗೆಗಳ ನಡುವೆ, ಮೂಲೆಗೊಂದರಂತೆ, 50 ಕೆಜಿಯ ನಾಲ್ಕು ಚಪ್ಪಟೆ ಲೋಡ್ ಸೆಲ್. ಜೊತೆಗೆ ಸೆಲ್‌ಗಳ ಸಣ್ಣ ಸಂಕೇತವನ್ನು ಅಂಕಿಯಾಗಿಸುವ ಒಂದು HX711 ಬೋರ್ಡು, ಆ ಅಂಕಿ ಓದಲು ಒಂದು ಆರ್ಡುಯಿನೊ. ಪ್ರತಿ ಸೆಲ್‌ಗೆ ಮೂರು ತಂತಿ. ನಡುವಿನ ತಂತಿ ಯಾವುದೆಂದು ತಿಳಿಯಲು ಬಣ್ಣವನ್ನು ನಂಬಬೇಡಿ, ಮಲ್ಟಿಮೀಟರ್ ಹಿಡಿಯಿರಿ: ಯಾವ ಎರಡರ ನಡುವೆ ರೋಧ ಹೆಚ್ಚೂಕಡಿಮೆ ಎರಡು ಪಟ್ಟು ಬರುತ್ತದೋ ಅವು ತುದಿಯ ತಂತಿಗಳು, ಉಳಿದದ್ದು ನಡುವಿನದು. ತುದಿಯ ತಂತಿಗಳನ್ನು ಅಕ್ಕಪಕ್ಕದ ಸೆಲ್‌ಗಳಿಗೆ ಅದೇ ಬಣ್ಣಕ್ಕೆ ಅದೇ ಬಣ್ಣ ಸೇರಿಸುತ್ತಾ ಸುತ್ತು ಮುಗಿಸಿ. ಎದುರುಬದುರು ಮೂಲೆಗಳ ನಡುವಿನ ತಂತಿಗಳಲ್ಲಿ ಒಂದು ಜೋಡಿ ಬೋರ್ಡಿನ E+, E-ಗೆ, ಇನ್ನೊಂದು A+, A-ಗೆ.

ಸೆಲ್ಲಿನ ಹೊರ ಚೌಕಟ್ಟು ಕೆಳಹಲಗೆಗೆ ಅಂಟಿರಬೇಕು, ನಡುವಿನ ನಾಲಿಗೆ ಮಾತ್ರ ಭಾರ ಹೊರಬೇಕು. ನಾಲಿಗೆಯ ಕೆಳಗೆ ಒಂದೆರಡು ಮಿಲಿಮೀಟರ್ ಜಾಗ ಬಿಡದಿದ್ದರೆ ಅದು ಹಲಗೆಗೆ ತಾಗಿ ಬಾಗುವುದೇ ಇಲ್ಲ, ತೂಕ ಕಡಿಮೆ ತೋರಿಸುತ್ತದೆ. 5 ಕೆಜಿಯ ವಸ್ತುವೊಂದನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ; ಒಂದು ಮೂಲೆ ಮಾತ್ರ ಸೋತರೆ ತಪ್ಪು ಅಲ್ಲೇ ಇದೆ.

ಇನ್ನು ಲೆಕ್ಕ. ಖಾಲಿ ಹಲಗೆಗೆ 84,200 ಎಂಬ ಅಂಕಿ ಬಂತು ಎನ್ನೋಣ. 20 ಕೆಜಿ ಇಟ್ಟಾಗ 2,92,200. ವ್ಯತ್ಯಾಸ 2,08,000ವನ್ನು 20,000 ಗ್ರಾಮಿಗೆ ಭಾಗಿಸಿದರೆ ಗ್ರಾಮಿಗೆ 10.4. ಒಂದು ಕೆಜಿಯ ಪೊಟ್ಟಣ ಇಟ್ಟು ಈ ಅಂಕಿ ತೆಗೆಯಬೇಡಿ, ಅಲ್ಲಾಗುವ ಸಣ್ಣ ತಪ್ಪು 30 ಕೆಜಿಗೆ ಮೂವತ್ತು ಪಟ್ಟಾಗುತ್ತದೆ.

ಸಿದ್ಧ ಉದಾಹರಣೆಗಳನ್ನು ನಕಲು ಮಾಡುವವರು ಬೀಳುವ ಗುಂಡಿ ಇದರ ನಂತರದ್ದು. ಅವುಗಳಲ್ಲಿ ಸಾಮಾನ್ಯವಾಗಿ `setup()` ಒಳಗೆ `scale.tare()` ಇರುತ್ತದೆ. ಕರೆಂಟು ಹೋಗಿ ಬಂದರೆ, ಮೇಲೆ ಕೂತ ಸಿಲಿಂಡರನ್ನೇ ಸೊನ್ನೆ ಎಂದುಕೊಂಡು ಯಂತ್ರ ಹೊಸದಾಗಿ ಎಣಿಸತೊಡಗುತ್ತದೆ. ಸೊನ್ನೆಯನ್ನು ಕರೆಂಟು ಹೋದರೂ ಅಳಿಯದ EEPROM ಎಂಬ ನೆನಪಿನಲ್ಲಿ ಉಳಿಸಿ, ಅಲ್ಲಿಂದಲೇ ಓದಿ:

```
long zero;
EEPROM.get(0, zero);
scale.begin(DT, SCK);
scale.set_scale(10.4);
scale.set_offset(zero);
```

ಆದರೆ ಉಳಿಸಿದ ಸೊನ್ನೆಯೂ ಶಾಶ್ವತವಲ್ಲ. ಸದಾ ಭಾರ ಹೊತ್ತ ಲೋಹ ನಿಧಾನವಾಗಿ ಇನ್ನಷ್ಟು ಬಾಗುತ್ತದೆ, ಒಲೆಯ ಬಿಸಿಗೂ ಅಂಕಿ ಜರುಗುತ್ತದೆ. ನಾಲ್ಕು ಸೆಲ್ ಸೇರಿ 200 ಕೆಜಿಯ ಸಾಮರ್ಥ್ಯ; ಅದರಲ್ಲಿ ಸಾವಿರಕ್ಕೆ ಒಂದು ಪಾಲು ಜರುಗಿದರೂ 200 ಗ್ರಾಂ. ಇದಕ್ಕೆ ಮದ್ದು ಸಿಲಿಂಡರ್ ಬದಲಿಸುವ ಹೊತ್ತಿನಲ್ಲೇ ಇದೆ. ಆಗ ಹಲಗೆ ಐದು ನಿಮಿಷವಾದರೂ ಬರಿದಾಗುತ್ತದೆ. ತೂಕ ಹಳೆಯ ಸೊನ್ನೆಯಿಂದ ಅರ್ಧ ಕೆಜಿಯೊಳಗೆ ಬಂದು, ಒಂದು ನಿಮಿಷ ಅಲುಗದೆ ನಿಂತರೆ ಮಾತ್ರ ಅದನ್ನೇ ಹೊಸ ಸೊನ್ನೆಯಾಗಿ ಬರೆದಿಡಲಿ. ಅದಕ್ಕಿಂತ ಹೆಚ್ಚಿದ್ದರೆ ಹಲಗೆಯ ಮೇಲೆ ಏನೋ ಒರಗಿದೆ ಎಂದರ್ಥ, ಬರೆಯಬಾರದು.

ಹೊಸ ಸಿಲಿಂಡರ್ ಬಂದಾಗ ಅದರ ಮೇಲೆ ಅಚ್ಚೊತ್ತಿದ ಖಾಲಿ ತೂಕವನ್ನು ಯಂತ್ರಕ್ಕೆ ತಿಳಿಸಬೇಕು. ಹಿಂದಿನದು 15.3 ಕೆಜಿ, ಈಗಿನದು 16.1 ಕೆಜಿ ಇದ್ದು ನೀವು ಬದಲಿಸದಿದ್ದರೆ, ಇಲ್ಲದ 800 ಗ್ರಾಂ ಗ್ಯಾಸ್ ಇದೆಯೆಂದು ಅದು ಸುಳ್ಳು ಹೇಳುತ್ತದೆ. ರೆಗ್ಯುಲೇಟರ್ ಹಾಕುವ ಮುಂಚೆ 30.30, ಹಾಕಿ ಕೊಳವೆ ಇಳಿಬಿಟ್ಟ ಮೇಲೆ 30.75 ಬಂದರೆ, ಆ 450 ಗ್ರಾಮನ್ನೂ ಕಳೆಯಿರಿ. ಉಳಿದದ್ದು 14.2 ಕೆಜಿ, ಅದೇ ಗ್ಯಾಸ್. ಕೊಳವೆ ಬಿಗಿಯಾಗಿ ಎಳೆದಿರಬಾರದು; ಯಾರಾದರೂ ಒಲೆ ಸರಿಸಿದಾಗಲೆಲ್ಲ ತೂಕ ಕುಣಿಯುತ್ತದೆ.

ಬಜರ್ ಎಷ್ಟಕ್ಕೆ ಕೂಗಬೇಕು? 14.2 ಕೆಜಿ 35 ದಿನ ಬಂದರೆ ದಿನಕ್ಕೆ ಸುಮಾರು 400 ಗ್ರಾಂ. ಹೊಸದು ಬರಲು ನಾಲ್ಕು ದಿನ ಬೇಕಾದರೆ 1.6 ಕೆಜಿ, ಜರುಗುವಿಕೆಗೆಂದು 300 ಗ್ರಾಂ ಸೇರಿಸಿ, 1.9 ಕೆಜಿ ಆಯಿತು. ಶೇಕಡಾ ಹತ್ತು ಉಳಿದಾಗ ಎಂದು ಕಣ್ಣುಮುಚ್ಚಿ ಇಡುವವರಿಗೆ ಇಲ್ಲಿ ಒಂದು ದಿನಕ್ಕೂ ಹೆಚ್ಚು ಕೊರತೆ ಬೀಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಓದಿದರೆ ಸಾಕು, ಮೂರು ಸಲ ಸತತವಾಗಿ ಕಡಿಮೆ ಬಂದ ಮೇಲೆ ಕೂಗಲಿ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಹಾಗಾಗಿ ಚಾರ್ಜರು, ರಿಲೇ, ಬಜರ್ ಯಾವುದೂ ಹಲಗೆಯ ಬಳಿ ಬೇಡ. ತಂತಿ ಎಳೆದು ಸಿಲಿಂಡರಿನಿಂದ ದೂರ, ಎತ್ತರದಲ್ಲಿಡಿ. ಸೋರಿಕೆ ಪತ್ತೆಗೂ ಈ ಹಲಗೆಯನ್ನು ನೆಚ್ಚಬೇಡಿ. ಗಂಟೆಗೆ 20 ಗ್ರಾಂ ಸೋರಿದರೆ ರಾತ್ರಿಯ ಹತ್ತು ಗಂಟೆಗೆ 200 ಗ್ರಾಂ ಆಗುತ್ತದೆ. ಅದು ಗ್ಯಾಸ್ ಹೋದದ್ದೋ ಸೊನ್ನೆ ಜರುಗಿದ್ದೋ, ಲೋಡ್ ಸೆಲ್‌ಗೆ ಗೊತ್ತಾಗುವುದಿಲ್ಲ.