ಪ್ಲೇಟಿನ ಮೇಲೆ 250 ಕೆವಿಎ, ಲೆಕ್ಕ ಮಾತ್ರ ಕಿಲೋವ್ಯಾಟಿನಲ್ಲಿ

"ಸರ್, ಟ್ರಾನ್ಸ್‌ಫಾರ್ಮರ್ 250ರದ್ದು. ಮೀಟರ್ 185 ತೋರಿಸ್ತಿದೆ. ಇನ್ನೂ 65 ಬಾಕಿ ಇದೆಯಲ್ಲ? 30 ಕಿಲೋವ್ಯಾಟಿನ ಒಂದು ಮಷೀನ್ ಹಾಕ್ತೀನಿ ಅಂದ್ರೆ ನೀವು ಯಾಕೆ ಬೇಡ ಅಂತೀರಿ?"

ಕಾರ್ಖಾನೆ ಮಾಲೀಕರು ಹೀಗೆ ಕೇಳಿದಾಗ ಅವರ ಕೈಯಲ್ಲಿ ಕ್ಯಾಲ್ಕುಲೇಟರ್ ಇತ್ತು. ಕಳೆಯುವ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ 250 ಕೆವಿಎಯಲ್ಲಿತ್ತು, 185 ಕಿಲೋವ್ಯಾಟಿನಲ್ಲಿತ್ತು. ನಾನು ಮೀಟರಿನ ಗುಂಡಿ ಒತ್ತಿ ಉಳಿದ ಅಂಕಿಗಳನ್ನೂ ತೋರಿಸಿದೆ. ಪವರ್ ಫ್ಯಾಕ್ಟರ್ 0.76. ಕೆವಿಎ 243. ವೋಲ್ಟೇಜ್ 415. ಕರೆಂಟ್ ಮೂರು ಫೇಸಿನ ಸರಾಸರಿ 339 ಆಂಪಿಯರ್. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ಟ್ರಾನ್ಸ್‌ಫಾರ್ಮರಿನ ನೇಮ್ ಪ್ಲೇಟ್ ಮೇಲಿನ ಧೂಳು ಒರೆಸಿ ಒಂದು ಸಾಲು ಓದಿಸಿದೆ. ಎಲ್‌ವಿ ಕಡೆ, ಅಂದರೆ ಕಾರ್ಖಾನೆಗೆ ಕರೆಂಟ್ ಕೊಡುವ ಕಡಿಮೆ ವೋಲ್ಟೇಜಿನ ಕಡೆ, 433 ವೋಲ್ಟ್, 333 ಆಂಪಿಯರ್.

ಅಂದರೆ 65 ಬಾಕಿ ಇರುವುದು ಹೋಗಲಿ, ಆಗಲೇ ಮಿತಿ ದಾಟಿಯಾಗಿತ್ತು.

ಪ್ಲೇಟಿನ ಮೇಲೆ ಕಿಲೋವ್ಯಾಟ್ ಯಾಕೆ ಬರೆಯುವುದಿಲ್ಲ? ಟ್ರಾನ್ಸ್‌ಫಾರ್ಮರ್ ಎಷ್ಟು ಹೊರಬಲ್ಲದು ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಬಿಸಿ. ಆ ಬಿಸಿ ಎರಡು ಕಡೆಯಿಂದ ಬರುತ್ತದೆ. ಸುರುಳಿಯ ಒಳಗಿನ ಕಬ್ಬಿಣದ ಕೋರ್ ಬಿಸಿಯಾಗುವುದು ವೋಲ್ಟೇಜಿನಿಂದ. ಲೋಡ್ ಇರಲಿ, ಬಿಡಲಿ, ಅದು ಹೆಚ್ಚುಕಡಿಮೆ ಒಂದೇ ಸಮ. ಸುರುಳಿ ಬಿಸಿಯಾಗುವುದು ಕರೆಂಟಿನಿಂದ, ಅದೂ ಕರೆಂಟಿನ ವರ್ಗದ ಲೆಕ್ಕದಲ್ಲಿ. ಕರೆಂಟ್ ಹತ್ತು ಪರ್ಸೆಂಟ್ ಏರಿದರೆ ಸುರುಳಿಯ ನಷ್ಟ 21 ಪರ್ಸೆಂಟ್ ಏರುತ್ತದೆ. ವೋಲ್ಟ್ ಮತ್ತು ಆಂಪಿಯರ್ ಸೇರಿದರೆ ಕೆವಿಎ. ಆ ಕರೆಂಟಿನಿಂದ ಮಷೀನ್ ಕೆಲಸ ಮಾಡಿತೋ ಇಲ್ಲವೋ ಎಂಬುದು ಸುರುಳಿಗೆ ಗೊತ್ತೇ ಆಗುವುದಿಲ್ಲ.

ಮೋಟರ್‌ಗಳು, ವೆಲ್ಡಿಂಗ್ ಸೆಟ್‌ಗಳು ತಮ್ಮ ಅಯಸ್ಕಾಂತ ಕ್ಷೇತ್ರ ಕಟ್ಟಿಕೊಳ್ಳಲು ಒಂದಿಷ್ಟು ಕರೆಂಟ್ ಎಳೆಯುತ್ತವೆ. ಆ ಶಕ್ತಿ ಹೋಗುತ್ತದೆ, ಮರುಕ್ಷಣ ವಾಪಸ್ ಬರುತ್ತದೆ. ಸರಕು ಇಳಿಸದೆ ಹಾಗೇ ವಾಪಸ್ ಬರುವ ಲಾರಿಯಿಂದಲೂ ರಸ್ತೆ ಸವೆಯುತ್ತೆ, ಅಲ್ವಾ? ಈ ಹೋಗಿಬರುವ ಪಾಲಿಗೆ ಕೆವಿಎಆರ್ ಎಂಬ ಅಳತೆ. ಇದನ್ನು ಕಿಲೋವ್ಯಾಟಿಗೆ ನೇರವಾಗಿ ಕೂಡಿಸುವಂತಿಲ್ಲ. ಲಂಬಕೋನ ತ್ರಿಭುಜದ ಎರಡು ಬದಿಗಳಂತೆ ಸೇರಿಸಬೇಕು. ಈ ಕಾರ್ಖಾನೆಯಲ್ಲಿ ಒಂದು ಬದಿ 185, ಇನ್ನೊಂದು 158. ಕರ್ಣ 243. ಪವರ್ ಫ್ಯಾಕ್ಟರ್ ಎಂದರೆ 185ನ್ನು 243ರಿಂದ ಭಾಗಿಸಿದ್ದು, ಅಷ್ಟೇ.

ಮಾಲೀಕರು ಇನ್ನೂ ಬಿಡಲಿಲ್ಲ. "243 ಅಂದ್ರೂ 250ಕ್ಕೆ ಏಳು ಕಮ್ಮಿ ಇದೆಯಲ್ಲ?" ಒಳ್ಳೆ ಪ್ರಶ್ನೆ. ಎಷ್ಟೋ ಎಲೆಕ್ಟ್ರಿಷಿಯನ್‌ಗಳೂ ಇಲ್ಲಿ ಎಡವುತ್ತಾರೆ. ಪ್ಲೇಟಿನ 250 ಕೆವಿಎ ಬಂದಿರುವುದು 433 ವೋಲ್ಟಿನ ಲೆಕ್ಕದಲ್ಲಿ, ಅದು ಲೋಡ್ ಇಲ್ಲದಾಗಿನ ವೋಲ್ಟೇಜ್. ಲೋಡ್ ಬಂದಾಗ ಅದು ಇಳಿಯುತ್ತದೆ, ಇಲ್ಲಿ 415ಕ್ಕೆ ಇಳಿದಿತ್ತು. 415 ವೋಲ್ಟಿನಲ್ಲಿ 333 ಆಂಪಿಯರ್ ಎಂದರೆ 239 ಕೆವಿಎ ಮಾತ್ರ. ಅದಕ್ಕೇ ನಾನು ಕೆವಿಎ ಅಂಕಿಗಿಂತ ಆಂಪಿಯರ್ ಅಂಕಿಯನ್ನು ಜಾಸ್ತಿ ನಂಬುತ್ತೇನೆ. ಅದೂ ಸರಾಸರಿಯನ್ನಲ್ಲ, ಪ್ರತಿ ಫೇಸಿನದ್ದನ್ನು. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದಾಗ ಆರ್ ಫೇಸಿನಲ್ಲಿ 352 ಇತ್ತು. ವೆಲ್ಡಿಂಗ್ ಸೆಟ್‌ಗಳೆಲ್ಲ ಅದರ ಮೇಲೇ ಕೂತಿದ್ದವು. ಬಾಕಿ ಎರಡು ಫೇಸ್ ಹಗುರವಾಗಿವೆ ಎಂದು ಆ ಸುರುಳಿ ತಣ್ಣಗಾಗುವುದಿಲ್ಲ.

ಹೊಸ ಮಷೀನನ್ನು ಹಾಗೇ ಸೇರಿಸಿದ್ದರೆ ಏನಾಗುತ್ತಿತ್ತು? ಅದರ ಪವರ್ ಫ್ಯಾಕ್ಟರ್ 0.8. 30 ಕಿಲೋವ್ಯಾಟಿನ ಜೊತೆಗೆ 22 ಕೆವಿಎಆರ್‌ಗೂ ಸ್ವಲ್ಪ ಜಾಸ್ತಿ ತರುತ್ತದೆ. ಒಟ್ಟು ಸುಮಾರು 281 ಕೆವಿಎ, 391 ಆಂಪಿಯರ್. ಮಿತಿಗಿಂತ 17 ಪರ್ಸೆಂಟ್ ಜಾಸ್ತಿ. ಸುರುಳಿಯ ನಷ್ಟ ಪೂರ್ತಿ ಲೋಡಿನದಕ್ಕಿಂತ 1.38 ಪಟ್ಟು.

ಸ್ವಿಚ್ ಹಾಕಿದ ತಕ್ಷಣ ಹೊಗೆ ಬರುತ್ತಿರಲಿಲ್ಲ. ಅಪಾಯ ಇರುವುದೂ ಅಲ್ಲೇ. ಸುರುಳಿಗೆ ಸುತ್ತಿರುವುದು ಕಾಗದ. ಅದರ ಅತಿ ಬಿಸಿ ಜಾಗ 98 ಡಿಗ್ರಿಯಲ್ಲಿದ್ದರೆ ಸಾಮಾನ್ಯ ಕಾಗದ ತನ್ನ ಸಹಜ ವೇಗದಲ್ಲಿ ಹಳತಾಗುತ್ತದೆ. ಅಲ್ಲಿಂದ ಮೇಲೆ ಪ್ರತಿ 6 ಡಿಗ್ರಿಗೆ ಆ ವೇಗ ಇಮ್ಮಡಿಯಾಗುತ್ತದೆ ಎಂಬುದು ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿಯ ಲೆಕ್ಕ. 12 ಡಿಗ್ರಿ ಏರಿದರೆ ನಾಲ್ಕು ಪಟ್ಟು. ಕಾಗದ ಒಣಗಿ ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ ಸುರುಳಿ ಜೋರಾಗಿ ಅಲುಗಿದಾಗ ಆ ಕಾಗದ ಹರಿದುಹೋಗುತ್ತದೆ. "ನಿನ್ನೆವರೆಗೂ ಚೆನ್ನಾಗೇ ಇತ್ತು" ಎಂಬ ಮಾತು ಹುಟ್ಟುವುದು ಹೀಗೆ. ಗುಂಯ್‌ಗುಡುವ ಸದ್ದು ಕೇಳಿ ಓವರ್‌ಲೋಡ್ ಕಂಡುಹಿಡಿಯುತ್ತೇವೆ ಎನ್ನುವವರೂ ಇದ್ದಾರೆ. ಆ ಸದ್ದು ಮುಖ್ಯವಾಗಿ ಕೋರಿನದು, ಲೋಡಿನದಲ್ಲ.

ಹಾಗಂತ ಮಿತಿ ದಾಟಿದ ಪ್ರತಿ ನಿಮಿಷವೂ ಪಾಪವಲ್ಲ. ಸುರುಳಿ ಮುಳುಗಿರುವ ಎಣ್ಣೆ ನಿಧಾನಕ್ಕೆ ಬಿಸಿಯಾಗುತ್ತದೆ, ಅದಕ್ಕೆ ಗಂಟೆಗಳೇ ಬೇಕು. ಬೆಳಗ್ಗೆ ತಣ್ಣಗಿರುವ ಟ್ರಾನ್ಸ್‌ಫಾರ್ಮರ್ ಮೇಲೆ ಅರ್ಧ ಗಂಟೆ ಹತ್ತು ಪರ್ಸೆಂಟ್ ಜಾಸ್ತಿ ಬಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ, ಆಗಲೇ ಎಣ್ಣೆ ಕುದ್ದಂತಿರುವಾಗ ಅದೇ ಹತ್ತು ಪರ್ಸೆಂಟ್ ಬಿದ್ದರೆ ಬೇರೆ ಮಾತು. ದಿನವಿಡೀ ನಿಲ್ಲುವ ಲೋಡನ್ನು ಪ್ಲೇಟಿನ ಆಂಪಿಯರಿನ 80 ಪರ್ಸೆಂಟ್ ಸುತ್ತ ಇಟ್ಟುಕೊಂಡು ಯೋಜನೆ ಮಾಡುವುದು ನನ್ನ ರೂಢಿ. ಅದು ಕಾನೂನೇನಲ್ಲ. ಸೆಕೆಗೆ, ಮೋಟರ್ ಸ್ಟಾರ್ಟಿಂಗ್‌ಗೆ, ಮುಂದೆ ಬರುವ ಇನ್ನೊಂದು ಮಷೀನಿಗೆ ಸ್ವಲ್ಪ ಜಾಗ. ಯುಪಿಎಸ್, ಡ್ರೈವ್‌ಗಳು ಜಾಸ್ತಿ ಇದ್ದರೆ ಇನ್ನೂ ಕಮ್ಮಿ ಇಡುತ್ತೇನೆ. ಅವು ಕರೆಂಟಿನ ಅಲೆಯ ಆಕಾರ ಕೆಡಿಸುತ್ತವೆ, ಆ ಹಾರ್ಮೋನಿಕ್ ಕರೆಂಟ್ ಅಷ್ಟೇ ಆಂಪಿಯರಿಗೆ ಹೆಚ್ಚು ಬಿಸಿ ಮಾಡುತ್ತದೆ.

ಇಲ್ಲಿ ಟ್ರಾನ್ಸ್‌ಫಾರ್ಮರ್ ಬದಲಿಸದೆ ದಾರಿ ಇತ್ತು. ಆ ಹೋಗಿಬರುವ ಪಾಲನ್ನು ಕಾರ್ಖಾನೆಯ ಒಳಗೇ ಕೊಟ್ಟುಬಿಟ್ಟರೆ ಅದು ಸುರುಳಿಯ ಮೂಲಕ ಬರಬೇಕಾಗಿಲ್ಲ. ಹೊಸ ಮಷೀನ್ ಸೇರಿ ಒಟ್ಟು 215 ಕಿಲೋವ್ಯಾಟ್, 181 ಕೆವಿಎಆರ್. ಪವರ್ ಫ್ಯಾಕ್ಟರ್ 0.96ಕ್ಕೆ ತರಲು 120 ಕೆವಿಎಆರ್ ಕೆಪಾಸಿಟರ್ ಸಾಕಿತ್ತು. ಲೋಡಿಗೆ ತಕ್ಕಂತೆ ತಾನೇ ಹಂತ ಹಂತವಾಗಿ ಸೇರಿಸಿ ಬಿಡಿಸುವ ಎಪಿಎಫ್‌ಸಿ ಪ್ಯಾನಲ್ ಹಾಕಿದೆವು. ಸುಮ್ನೆ ನೇರವಾಗಿ ಕೂರಿಸಿದ್ದರೆ ರಾತ್ರಿ ಮೋಟರ್‌ಗಳು ನಿಂತಾಗ ಕೆಪಾಸಿಟರಿನ ಕರೆಂಟೇ ಸುರುಳಿಯಲ್ಲಿ ಓಡಾಡುತ್ತಿತ್ತು. ಇನ್ನೊಂದು ಮಾತು, ಕೆಪಾಸಿಟರ್ ಎಲ್‌ಟಿ ಕಡೆ, ಅಂದರೆ ಮೇಲೆ ಹೇಳಿದ ಎಲ್‌ವಿ ಕಡೆಯೇ ಇರಬೇಕು. ಲೈನಿನಿಂದ ಹೆಚ್ಚು ವೋಲ್ಟೇಜ್ ಬರುವ ಎಚ್‌ಟಿ ಕಡೆ ಹಾಕಿದರೆ ಅಲ್ಲಿನ ಮೀಟರಿನಲ್ಲಿ ಪವರ್ ಫ್ಯಾಕ್ಟರ್ ಚೆನ್ನಾಗಿ ಕಾಣಬಹುದು, ಟ್ರಾನ್ಸ್‌ಫಾರ್ಮರಿನ ಹೊರೆ ಒಂದು ಆಂಪಿಯರೂ ಇಳಿಯುವುದಿಲ್ಲ.

ವೆಲ್ಡಿಂಗ್ ಸೆಟ್‌ಗಳನ್ನೂ ಮೂರು ಫೇಸಿಗೆ ಹಂಚಿದೆವು. ಹೊಸ ಮಷೀನ್ ಓಡುತ್ತಿದ್ದಾಗ ಮತ್ತೆ ಅಳೆದೆ. ಕಿಲೋವ್ಯಾಟ್ 215, ಕರೆಂಟ್ ಮೂರೂ ಫೇಸಿನಲ್ಲಿ 308ರ ಆಸುಪಾಸು. ಮೊದಲು 83 ಡಿಗ್ರಿ ತೋರಿಸುತ್ತಿದ್ದ ಎಣ್ಣೆಯ ಗೇಜ್ ಅಷ್ಟೇ ಸೆಕೆಯ ದಿನ 77ರಲ್ಲಿ ನಿಂತಿತ್ತು. ಮಾಲೀಕರು ಮತ್ತೆ ಕ್ಯಾಲ್ಕುಲೇಟರ್ ತೆಗೆದರು. "ಹಾಗಾದ್ರೆ ಇನ್ನು 25 ಆಂಪಿಯರ್ ಬಾಕಿ ಇದೆ ಅಂತಾಯ್ತು." ಈ ಸಲ ಅಳತೆ ಸರಿಯಿತ್ತು. ಆ 25ನ್ನು ಮುಟ್ಟಬೇಡಿ ಎಂದು ಹೇಳಿ ಬಂದೆ.